ನಿಶ್ಚಿತಾರ್ಥ ಮುರಿದ ಮೇಲೆ ಜಾತಕ ಬಿಚ್ಚುವ ಮುನ್ನ

ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ನಡೆದದ್ದು. ನಿಶ್ಚಿತಾರ್ಥ ಆಗಿ ಎರಡು ತಿಂಗಳಿಗೆ ಗಂಡಿನ ಕಡೆಯವರು ಸಂಬಂಧ ಬಿಟ್ಟರು. ಹುಡುಗ ಸಾಲ ಮುಚ್ಚಿಟ್ಟಿದ್ದ, ಅದನ್ನು ಕೇಳಿದ್ದಕ್ಕೆ ಮಾತು ಬೆಳೆದಿತ್ತು. ಕಾರಣ ಕಣ್ಣ ಮುಂದೆಯೇ ಇದ್ದರೂ ಮನೆಯವರು ಮರುದಿನವೇ ಹುಡುಗಿಯ ಜಾತಕ ಹಿಡಿದು ಜ್ಯೋತಿಷಿಯ ಹತ್ತಿರ ಹೋದರು. "ಸಪ್ತಮದಲ್ಲಿ ಕುಜ, ಜೊತೆಗೆ ಕೇತು, ಮೇಲೆ ಶನಿಯ ದೃಷ್ಟಿ. ಮುರಿಯದೆ ಇನ್ನೇನಾಗುತ್ತೆ? ಇನ್ನೊಂದೂ ಹೀಗೇ ಆಗುತ್ತೆ" ಎಂಬ ಮಾತು ಹೊತ್ತು ಮನೆಗೆ ಬಂದರು. ಆ ಮಾತು ಇಡೀ ಮನೆಯನ್ನು ಎರಡು ವರ್ಷ ಕಟ್ಟಿಹಾಕಿತು.

ಆ ಜಾತಕವನ್ನೇ ನಿಧಾನವಾಗಿ ನೋಡೋಣ. 1999ರ ಡಿಸೆಂಬರ್, ರಾತ್ರಿ ಒಂಬತ್ತರ ಆಸುಪಾಸಿನ ಜನನ. ಹುಟ್ಟುವಾಗ ಪೂರ್ವದಲ್ಲಿ ಮೂಡುತ್ತಿದ್ದ ರಾಶಿ, ಅಂದರೆ ಲಗ್ನ, ಕರ್ಕಾಟಕ. ಲಗ್ನದಲ್ಲಿ ರಾಹು. ಮದುವೆಯನ್ನು ಸೂಚಿಸುವ ಏಳನೆಯ ಮನೆ, ಅಂದರೆ ಸಪ್ತಮ, ಮಕರ; ಅಲ್ಲಿ ಕುಜ, ಕೇತು. ಹತ್ತರಲ್ಲಿ, ಅಂದರೆ ಮೇಷದಲ್ಲಿ ಶನಿ. ಹೇಳಿದ್ದು ಸುಳ್ಳಲ್ಲ, ಗ್ರಹಗಳು ಅಲ್ಲೇ ಇವೆ. ಆದರೆ ಅದೇ ಶಾಸ್ತ್ರ ಮಕರದ ಕುಜನನ್ನು ಉಚ್ಚ, ಅಂದರೆ ತುಂಬ ಬಲಶಾಲಿ, ಎನ್ನುತ್ತದೆ, ಕರ್ಕಾಟಕ ಲಗ್ನಕ್ಕೆ ಕುಜ ಯೋಗಕಾರಕ, ಅಂದರೆ ಒಳ್ಳೆಯ ಫಲ ಕೊಡುವವನು, ಎನ್ನುತ್ತದೆ. ಈ ಲಗ್ನಕ್ಕೆ ಕುಜದೋಷವೇ ಇಲ್ಲ ಎನ್ನುವವರೂ ಇದ್ದಾರೆ. ಶನಿ ಮೇಷದಲ್ಲಿ ನೀಚ, ಅಂದರೆ ದುರ್ಬಲ, ನಿಜ. ಆದರೆ ಮೇಷದ ಅಧಿಪತಿ ಕುಜ ಕೇಂದ್ರದಲ್ಲಿರುವುದರಿಂದ ನೀಚಭಂಗ, ಆ ದೌರ್ಬಲ್ಯ ಕಳೆಯುತ್ತದೆ. ಅಲ್ಲದೆ ಶನಿ ನೋಡುತ್ತಿರುವುದು ತನ್ನದೇ ಮನೆಯನ್ನು, ಅದನ್ನು ಬಲವೆಂದು ಎಣಿಸುವುದೂ ಉಂಟು. ಮದುವೆ ಗಟ್ಟಿಯಾಗಿ ನಿಂತಿದ್ದರೆ ಇದೇ ಕುಂಡಲಿ ತೋರಿಸಿ "ಉಚ್ಚ ಕುಜ, ಅದಕ್ಕೇ ಇಷ್ಟು ಭದ್ರ" ಎಂದು ಹೇಳಬಹುದಿತ್ತು. ಆಗಿಹೋದದ್ದು ಗೊತ್ತಿದ್ದವರಿಗೆ ಯಾವ ಮಾತು ಎತ್ತಿಕೊಳ್ಳಬೇಕೆಂಬುದೂ ಗೊತ್ತಿರುತ್ತದೆ.

ಇನ್ನೊಂದು ಸಂಗತಿ ಎಲ್ಲರೂ ಮರೆಯುತ್ತಾರೆ. ನಿಶ್ಚಿತಾರ್ಥಕ್ಕೆ ಮುಂಚೆಯೂ ಇದೇ ಜಾತಕ ನೋಡಿ ಕೂಟ ಹೊಂದಿಸಿದ್ದರು. 36ರಲ್ಲಿ 18 ದಾಟಿದರೆ ಸಾಕು ಎನ್ನುವ ಲೆಕ್ಕದಲ್ಲಿ ಒಳ್ಳೆಯ ಗುಣವೇ ಬಂದಿತ್ತು. ಕೂಟ ನೋಡುವುದು ಚಂದ್ರನ ರಾಶಿ, ನಕ್ಷತ್ರಗಳ ಮೇಲೆ, ಅದರಲ್ಲಿ ಸಪ್ತಮದ ಕುಜನ ಸುದ್ದಿಯಿಲ್ಲ. ಹೀಗಾಗಿ ಮುಂಚೆ ಒಂದು ಅಳತೆ, ಮುರಿದ ಮೇಲೆ ಇನ್ನೊಂದು ಅಳತೆ. ಕುಜದೋಷ ಅಷ್ಟೊಂದು ನಿರ್ಣಾಯಕವಾಗಿದ್ದರೆ ಮೊದಲೇ ಹೇಳಬೇಕಿತ್ತಲ್ಲ?

ದೋಷ ಎಷ್ಟು ಅಗ್ಗವೆಂದು ನೀವೇ ಲೆಕ್ಕ ಹಾಕಿ. ಕುಜ 2, 4, 7, 8, 12ರಲ್ಲಿದ್ದರೆ ದೋಷ, ಹನ್ನೆರಡು ಮನೆಗಳಲ್ಲಿ ಐದು. ಲಗ್ನದಿಂದಷ್ಟೇ ಅಲ್ಲದೆ ಚಂದ್ರ, ಶುಕ್ರರಿಂದಲೂ ಎಣಿಸಿದರೆ ನೂರಕ್ಕೆ ಸುಮಾರು 80 ಜಾತಕಗಳಲ್ಲಿ ಎಲ್ಲಾದರೂ ಒಂದು ಕಡೆ ದೋಷ ಸಿಕ್ಕೇ ಸಿಗುತ್ತದೆ. ಅದೂ ಸಾಲದಿದ್ದರೆ ಗೋಚಾರದ, ಅಂದರೆ ಈಗ ಆಕಾಶದಲ್ಲಿ ಸಾಗುತ್ತಿರುವ, ಶನಿ ಇದ್ದಾನೆ. 2025ರ ಮಾರ್ಚ್‌ನಲ್ಲಿ ಶನಿ ಮೀನಕ್ಕೆ ಬಂದ ಮೇಲೆ ಕುಂಭ, ಮೀನ, ಮೇಷಕ್ಕೆ ಸಾಡೇಸಾತಿ, ಸಿಂಹಕ್ಕೆ ಅಷ್ಟಮ ಶನಿ, ಧನುವಿಗೆ ಅರ್ಧಾಷ್ಟಮ. ಹನ್ನೆರಡರಲ್ಲಿ ಐದು ರಾಶಿಯವರಿಗೆ ಯಾವಾಗಲೂ ಶನಿಯ ನೆಪ ಸಿಗುತ್ತದೆ.

ಹುಟ್ಟಿದ ಹೊತ್ತಿನದು ಇನ್ನೊಂದು ತೊಡಕು. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಈ ಹುಡುಗಿಯ ಜನನ ಮಿಥುನ, ಕರ್ಕಾಟಕದ ಗಡಿಯಲ್ಲಿ. ಕೆಲವೇ ನಿಮಿಷ ಹಿಂದೆ ಸರಿದರೆ ಲಗ್ನ ಮಿಥುನ, ಕುಜ ಎಂಟನೆಯ ಮನೆಗೆ ಹೋಗುತ್ತಾನೆ, ಶನಿ ಹನ್ನೊಂದಕ್ಕೆ ಹೋಗಿ ಸಪ್ತಮವನ್ನು ನೋಡುವುದೇ ಇಲ್ಲ. "ಒಂಬತ್ತು ಗಂಟೆ ಹೊಡೆದಿತ್ತು, ಮಳೆ ಬಂದಿತ್ತು" ಎಂಬ ಅಜ್ಜಿಯ ನೆನಪಿನ ಮೇಲೆ ಮಗಳ ಬಾಳು ತೂಗುವುದೆಂದರೆ ಹೇಗೆ?

ಆ ಮನೆಯಲ್ಲಿ ನಷ್ಟ ಆದದ್ದು ಹೀಗೆ. ಶಾಂತಿ, ಬಾಳೆ ಗಿಡಕ್ಕೆ ಮದುವೆ ಎಂದು ಅಡಿಕೆ ಮಾರಿದ ಹಣ ಹೋಯಿತು. ಬಂದ ಎರಡು ಸಂಬಂಧಕ್ಕೆ ತಾವಾಗಿಯೇ "ದೋಷ ಇದೆ" ಎಂದು ಹೇಳಿ ಕಳಿಸಿದರು. ಕೊಟ್ಟ ಉಂಗುರ, ಛತ್ರದ ಮುಂಗಡ ಕೇಳುವುದನ್ನೂ ಬಿಟ್ಟರು, ಏಕೆಂದರೆ ತಪ್ಪು ಗ್ರಹದ್ದು ಎಂದ ಮೇಲೆ ಕೇಳುವುದು ಯಾರನ್ನು? ಹುಡುಗಿ ಬರಬರುತ್ತಾ "ಅಮ್ಮಾ, ನನ್ನ ಹಣೆಬರಹ ಇಷ್ಟೇ, ಬೇರೆಯವರನ್ನ ಯಾಕೆ ಹಾಳು ಮಾಡ್ಲಿ" ಎನ್ನತೊಡಗಿದಳು. ಊಟ ಬಿಟ್ಟಳು, ಮನೆಯಿಂದ ಹೊರಡುವುದನ್ನು ಬಿಟ್ಟಳು. ಇದಕ್ಕೆ ಪರಿಹಾರ ಜಾತಕದಲ್ಲಿಲ್ಲ. ಇಂಥ ಮಾತು ಕೇಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಜಾತಕ ತೋರಿಸಲೇಬೇಕೆಂದು ಮನೆಯ ಹಿರಿಯರು ಪಟ್ಟು ಹಿಡಿದರೆ, ಮುರಿದ ಸುದ್ದಿ ಹೇಳದೆ ತೋರಿಸಿ. ಕುಂಡಲಿ ಮಾತ್ರ ಕೊಟ್ಟು "ಕಳೆದ ಐದು ವರ್ಷದಲ್ಲಿ ಏನಾಗಿದೆ, ಯಾವ ವರ್ಷ, ಬರೆದು ಕೊಡಿ" ಎನ್ನಿ. ಜೊತೆಗೆ ನೆಮ್ಮದಿಯಾಗಿ ಸಂಸಾರ ಮಾಡುತ್ತಿರುವ ಹತ್ತು ನೆಂಟರ ಜಾತಕ ತಂದು ಎಷ್ಟರಲ್ಲಿ ಇದೇ ದೋಷವಿದೆ ಎಂದು ಎಣಿಸಿ, ಅತ್ತೆ, ಮಾವಂದಿರದ್ದೂ ಸೇರಿಸಿ. ಅದರ ಪಕ್ಕದಲ್ಲೇ ಇನ್ನೊಂದು ಹಾಳೆಯಲ್ಲಿ ಸಂಬಂಧ ಮುರಿದ ಸಂಗತಿಗಳನ್ನು ತಾರೀಖು ಹಾಕಿ ಬರೆಯಿರಿ: ಯಾರು ಏನು ಹೇಳಿದರು, ಯಾವ ಮಾತು ಮುಚ್ಚಿಟ್ಟರು, ಎಷ್ಟು ಹಣ, ಯಾವ ಒಡವೆ ಯಾರ ಹತ್ತಿರ ಉಳಿದಿದೆ. ಮುಂದಿನ ಸಂಬಂಧದಲ್ಲಿ ಏನೇನು ವಿಚಾರಿಸಬೇಕೆಂಬುದು ಸಿಗುವುದು ಆ ಎರಡನೆಯ ಹಾಳೆಯಲ್ಲಿ.