ತರಗೆಲೆ, ಕೋಕೋಪೀಟ್, ಮರದ ಹೊಟ್ಟು: ಬಾಲ್ಕನಿ ಗೊಬ್ಬರಕ್ಕೆ ಯಾವುದು?

ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ತಳಕ್ಕೂ ಪಕ್ಕಕ್ಕೂ ತೂತು ಕೊರೆದ ಮೂರು ಬಕೆಟ್ ಇಟ್ಟು ನೋಡಿದೆ. ಹಸಿ ಕಸ ಮೂರಕ್ಕೂ ಒಂದೇ: ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಕಾಫಿ ಚರಟ. ಒಣ ವಸ್ತು ಮಾತ್ರ ಬೇರೆ ಬೇರೆ.

ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಬಳಸಿದ ಬಕೆಟ್ ಮೊದಲಿಗೆ ಗೆದ್ದ ಹಾಗೇ ಕಂಡಿತು. ಅದು ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರುತ್ತದೆ, ವಾಸನೆ ಹೊರಗೆ ಬಿಡುವುದಿಲ್ಲ, ಪುಡಿಯಾಗಿರುವುದರಿಂದ ಸಣ್ಣ ನೊಣ ಒಳಗೆ ನುಗ್ಗಲು ಜಾಗವೂ ಇರುವುದಿಲ್ಲ. ತೊಂದರೆ ಶುರುವಾಗುವುದು ಆಮೇಲೆ. ನೀರು ಕುಡಿದ ಪೀಟ್ ಕೆಳಗಡೆ ಅಂಟಿಕೊಂಡು ಮುದ್ದೆಯಾಗುತ್ತದೆ, ಗಾಳಿ ಹೋಗುವುದು ನಿಲ್ಲುತ್ತದೆ. ಮೇಲೆ ಏನೂ ಗೊತ್ತಾಗುವುದಿಲ್ಲ, ಆದರೆ ಕೈ ಹಾಕಿ ಅಡಿಯಿಂದ ಒಂದು ಹಿಡಿ ತೆಗೆದರೆ ಹುಳಿ ವಾಸನೆ, ಇನ್ನೂ ಕೆಟ್ಟಿದ್ದರೆ ಕೊಳೆತ ಮೊಟ್ಟೆಯ ವಾಸನೆ.

ತರಗೆಲೆಯದ್ದು ಇದಕ್ಕೆ ಪೂರ್ತಿ ಉಲ್ಟಾ. ಎಲೆಗಳ ನಡುವೆ ಗಾಳಿ ಆಡುವುದರಿಂದ ಕಸ ಬೇಗ ಕುಗ್ಗುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಖರ್ಚೂ ಇಲ್ಲ, ಚಳಿಗಾಲ ಮುಗಿಯುವ ಹೊತ್ತಿಗೆ ರಸ್ತೆ ಬದಿಯಲ್ಲಿ ಚೀಲಗಟ್ಟಲೆ ಸಿಗುತ್ತದೆ (ಸುಮ್ನೆ ಗುಡ್ಡೆ ಹಾಕಿ ಸುಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ). ಒಂದು ಬಟ್ಟಲು ಹಸಿ ಕಸಕ್ಕೆ ಪುಡಿ ಮಾಡಿದ ಎಲೆ ಎರಡು ಬಟ್ಟಲು ಬೇಕು. ಇಡೀ ಎಲೆ ಹಾಕಿದರೆ ಒಂದರ ಮೇಲೊಂದು ಕೂತು ಚಾಪೆಯಾಗುತ್ತದೆ. ಕೊರತೆ ಎಂದರೆ ಸಂದುಗಳು, ಅಲ್ಲಿಂದ ನೊಣಕ್ಕೆ ಸಿಪ್ಪೆಯ ವಾಸನೆ ಸಿಕ್ಕೇ ಸಿಗುತ್ತದೆ.

ಮರದ ಹೊಟ್ಟು ನನಗೆ ಇಷ್ಟವಾಗಲಿಲ್ಲ. ನೀರು ಹೀರುತ್ತದೆ ನಿಜ, ಆದರೆ ಅದರಲ್ಲಿ ಇಂಗಾಲ ವಿಪರೀತ, ಸಾರಜನಕ ತೀರಾ ಕಡಿಮೆ. ಅರೆ ಕೊಳೆತ ಹೊಟ್ಟು ಕುಂಡಕ್ಕೆ ಬಿದ್ದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡದ ಹಳೆ ಎಲೆಗಳು ಹಳದಿಯಾಗುತ್ತವೆ. ಪ್ಲೈವುಡ್ ಹೊಟ್ಟಾದರೆ ಅಂಟೂ ಸೇರಿರುತ್ತದೆ, ಅದು ಬೇಡವೇ ಬೇಡ.

ಹಾಗಾಗಿ ಈಗ ಎರಡನ್ನು ಸೇರಿಸಿದ್ದೇನೆ. ಕಸದ ಜೊತೆ ಬೆರೆಸಲು ಎಲೆ ಪುಡಿ, ಮೇಲೆ ಮುಚ್ಚಲು ಎರಡು ಬೆರಳು ದಪ್ಪ ಒಣ ಕೋಕೋಪೀಟ್. ಪ್ರತಿ ಸಲ ಕಸ ಹಾಕುವಾಗ ಹಳೇ ಮುಚ್ಚಿಗೆಯನ್ನು ಒಳಗೆ ಕಲಸಿ ಹೊಸದು ಹರಡುತ್ತೇನೆ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ನೊಣದ ಮೊಟ್ಟೆ ಮೊದಲೇ ಇರಬಹುದು, ಅದಕ್ಕೇ ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ ನಡುವೆ ಹೂಳಬೇಕು.

ಒದ್ದೆ ಸರಿ ಇದೆಯಾ ಅಂತ ನೋಡಲು ಒಂದು ಹಿಡಿ ಹಿಂಡಿ. ಒಂದೆರಡು ಹನಿ ಬಂದರೆ ಸಾಕು. ಧಾರೆ ಇಳಿದರೆ ಎಲೆ ಪುಡಿ ಸೇರಿಸಿ ಕೆದಕಿ, ಬಿಟ್ಟ ಕೂಡಲೇ ಉದುರಿದರೆ ನೀರು ಚಿಮುಕಿಸಿ. ಮೂಗಿಗೆ ಘಾಟು ಹೊಡೆದರೆ ಅಮೋನಿಯಾ, ಆಗಲೂ ಒಣದ್ದೇ ಜಾಸ್ತಿ ಹಾಕಬೇಕು. ದಪ್ಪ ಬೂದು ಹುಳು ಕಂಡರೆ ಗಾಬರಿ ಬೇಡ, ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಮರಿಗಳು, ಕಸವನ್ನೇ ತಿನ್ನುತ್ತವೆ.