ತಿಂಗಳಿಗೆ ಐದು ಕೆ.ಜಿ.ಯೋ, ಅರ್ಧ ಕೆ.ಜಿ.ಯೋ? ಎರಡೂ ಮಾಡಿ ನೋಡಿದೆ

ದಾವಣಗೆರೆಯಲ್ಲಿ ನಾನು ಮೊದಲು ಸೇರಿದ ಜಿಮ್‌ನಲ್ಲಿ ‘ತಿಂಗಳಿಗೆ ಐದು ಕೆ.ಜಿ. ಮಸಲ್’ ಎಂದು ಹೇಳಿ ಮಾಸ್ ಗೇನರ್ ಎಂಬ ತೂಕ ಏರಿಸುವ ಪುಡಿಯ ಡಬ್ಬಿ, ಕ್ರಿಯೇಟಿನ್ ಎಂಬ ಇನ್ನೊಂದು ಪುಡಿ, ಎರಡನ್ನೂ ಕೊಡಿಸಿದರು. ಮನೆ ಊಟದ ಮೇಲೆ ದಿನಕ್ಕೆ ಸುಮಾರು 700 ಕ್ಯಾಲರಿ ಜಾಸ್ತಿ. ತಿಂಗಳಲ್ಲಿ ತೂಕ 62ರಿಂದ 66.5ಕ್ಕೆ ಏರಿತು. ಆದರೆ ಟೇಪು ಹಿಡಿದರೆ ಸೊಂಟ 78 ಸೆಂ.ಮೀ. ಇದ್ದದ್ದು 82 ಆಗಿತ್ತು. ತೋಳು ಹೆಚ್ಚಿದ್ದು ಬರೀ ಅರ್ಧ ಸೆಂ.ಮೀ.

ಉಳಿದದ್ದು ಏನು ಅಂತೀರಾ? ಕ್ರಿಯೇಟಿನ್ ಸ್ನಾಯುವಿನೊಳಗೆ ನೀರು ಹಿಡಿದಿಡುತ್ತದೆ. ಅದೇ ಒಂದು ಕೆ.ಜಿ. ತೂಗಬಹುದು. ಹೆಚ್ಚು ತಿಂದಾಗ ಸ್ನಾಯುವಿನಲ್ಲಿ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆಯಂಶ, ತುಂಬುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಸೇರುತ್ತದೆ. ಹೊಟ್ಟೆಯಲ್ಲಿರುವ ಊಟದ ತೂಕ ಬೇರೆ. ಮಿಕ್ಕಿದ್ದರಲ್ಲಿ ದೊಡ್ಡ ಪಾಲು ಕೊಬ್ಬು. ಮಾಸ್ ಗೇನರ್, ಕ್ರಿಯೇಟಿನ್ ಎರಡನ್ನೂ ಬಿಟ್ಟು ಒಂದೂವರೆ ತಿಂಗಳಾಗುವಷ್ಟರಲ್ಲಿ ಎರಡೂವರೆ ಕೆ.ಜಿ. ಇಳಿಯಿತು. ಸ್ನಾಯುವಾಗಿದ್ದರೆ ಅಷ್ಟು ಬೇಗ ಹೋಗುತ್ತಿರಲಿಲ್ಲ.

ಆಮೇಲೆ 64 ಕೆ.ಜಿ.ಯಿಂದ ನಿಧಾನದ ದಾರಿ ಹಿಡಿದೆ. ಎರಡು ಮೊಟ್ಟೆ, ಒಂದು ಲೋಟ ಹಾಲು, ಅಂದರೆ 250–300 ಕ್ಯಾಲರಿ ಜಾಸ್ತಿ, ಅಷ್ಟೇ. ದಿನದ ಒಟ್ಟು ಪ್ರೋಟೀನ್ ನೂರು ಗ್ರಾಂ ಹತ್ತಿರ. ಆರು ತಿಂಗಳಿಗೆ 67.5 ಆದೆ. ತಿಂಗಳಿಗೆ 600 ಗ್ರಾಂನಷ್ಟು. ಸೊಂಟ ಒಂದೇ ಸೆಂ.ಮೀ. ಏರಿತು, ಭಾರ ಹೊತ್ತು ಕೂತೇಳುವ ಸ್ಕ್ವಾಟ್ 40ರಿಂದ 75 ಕೆ.ಜಿ.ಗೆ ಬಂತು. ನನ್ನ ಪ್ರಕಾರ ಇದೇ ಗೆದ್ದ ದಾರಿ. ಹೊಸಬ ಗಂಡಸರಿಗೆ ತಿಂಗಳಿಗೆ ಅರ್ಧದಿಂದ ಒಂದು ಕೆ.ಜಿ. ಸ್ನಾಯು ಬಂದರೆ ಒಳ್ಳೆಯ ಲೆಕ್ಕ. ಹೆಣ್ಣುಮಕ್ಕಳಿಗೆ ಹೆಚ್ಚುಕಮ್ಮಿ ಅದರ ಅರ್ಧ.

ಎರಡು ವರ್ಷ ಕಳೆದ ಮೇಲೆ ವೇಗ ಇನ್ನೂ ತಗ್ಗುತ್ತದೆ. ಮೂರನೇ ವರ್ಷ ನನಗೆ ತಿಂಗಳಿಗೆ ಸಿಕ್ಕಿದ್ದು 200 ಗ್ರಾಂ. ಅದು ತೂಕದ ಯಂತ್ರದಲ್ಲಿ ಕಾಣುವುದೇ ಇಲ್ಲ. ರಾತ್ರಿ ಮಂಡಕ್ಕಿ ಮಿರ್ಚಿ ತಿಂದರೆ ಬೆಳಿಗ್ಗೆ ಉಪ್ಪಿನ ನೀರೇ ಮುಕ್ಕಾಲು ಕೆ.ಜಿ. ತೋರಿಸುತ್ತದೆ! ಹಾಗಾಗಿ ದಿನಾ ಬೆಳಿಗ್ಗೆ ತೂಗಿ, ವಾರದ ಸರಾಸರಿ ಬರೆದಿಟ್ಟು, ಮೂರು ತಿಂಗಳಿಗೊಮ್ಮೆ ಹೋಲಿಸುತ್ತೇನೆ. ಜೊತೆಗೆ ಸೊಂಟದ ಅಳತೆ, ಎತ್ತುವ ಭಾರ. ಸೊಂಟ ತೋಳಿಗಿಂತ ಬೇಗ ಬೆಳೆಯುತ್ತಿದ್ದರೆ ಊಟ ಜಾಸ್ತಿಯಾಗಿದೆ ಎಂದೇ ಅರ್ಥ.

ಹಾಗಾದರೆ ಗೋಡೆ ಮೇಲಿನ ‘ಮೊದಲು–ನಂತರ’ ಫೋಟೋಗಳು ಸುಳ್ಳಾ? ನಮ್ಮ ಜಿಮ್‌ನಲ್ಲಿ ನೇತುಹಾಕಿದ್ದ ಫೋಟೋದ ಹುಡುಗ ನನ್ನ ಗೆಳೆಯನೇ. ಆರು ವರ್ಷ ಗರಡಿ ಮನೆಯಲ್ಲಿ ಕುಸ್ತಿ ಮಾಡಿದವನು, ಕೈ ಮುರಿದು ಎಂಟು ತಿಂಗಳು ಸುಮ್ನೆ ಕೂತಿದ್ದ. ಒಮ್ಮೆ ಬೆಳೆದ ಸ್ನಾಯು ಹೊಸದಾಗಿ ಬೆಳೆಯುವುದಕ್ಕಿಂತ ಎಷ್ಟೋ ಬೇಗ ಮರಳುತ್ತದೆ. ಅವನಿಗೆ ಆಗಿದ್ದೂ ಅದೇ. ಫೋಟೋ ಕೆಳಗೆ ಬರೆದಿದ್ದು ಮಾತ್ರ ‘30 ದಿನ’ ಅಂತ.