ತರಾ, ಬಾ, ತೊ, ನರಾ: ನನ್ನ ಮತ ತರಾಗೆ, ಬಾ ಕಂಡರೆ ಹುಷಾರು

ಜಪಾನೀಸ್ ಎನ್4 ಪರೀಕ್ಷೆಗೆ ಓದುವಾಗ, ಬಿಟ್ಟ ಜಾಗ ತುಂಬುವ ಪ್ರಶ್ನೆಗಳಲ್ಲಿ ನನ್ನ ಅಂಕ ಜಾಸ್ತಿ ಹೋಗಿದ್ದು 'ಹೀಗಾದರೆ ಹಾಗೆ' ಅನ್ನಲು ಬಳಸುವ ತರಾ, ಬಾ, ತೊ, ನರಾ ಎಂಬ ಈ ನಾಲ್ಕರಿಂದಲೇ. ನಾಲ್ಕನ್ನೂ ನಾವು ಕನ್ನಡದಲ್ಲಿ 'ರೆ' ಅಂತ ಮುಗಿಸಿಬಿಡುತ್ತೇವೆ.

ನನಗೆ ಇಷ್ಟ ತರಾ. ಅದರ ರಚನೆ ನಮ್ಮದರಂತೆಯೇ ಇದೆ. ನಮ್ಮಲ್ಲಿ ಹೋದ, ಹೋದರೆ. ಜಪಾನೀಸಿನಲ್ಲಿ ಇತ್ತಾ, ಇತ್ತರಾ. 'ಕಿಟಕಿ ತೆರೆದರೆ ಹೊರಗೆ ಹಿಮ ಬೀಳ್ತಾ ಇತ್ತು' ಅನ್ನುವಂಥ ಆಗಿಹೋದ ಮಾತಿಗೂ ಅದು ಸರಿಹೋಗುತ್ತದೆ.

ತೊ ಸುಲಭ. ಈ ಗುಂಡಿ ಒತ್ತಿದರೆ ಟಿಕೆಟ್ ಬರುತ್ತದೆ, ಯಾವಾಗಲೂ ಬರುತ್ತದೆ. ಅಲ್ಲಿ ತೊ. ವಾಕ್ಯದ ಕೊನೆಯಲ್ಲಿ ಕೋರಿಕೆ, ಆಸೆ, ಅಪ್ಪಣೆ ಇದ್ದರೆ ತೊ ಬೇಡ.

ನನಗೆ ಪೆಟ್ಟು ಕೊಟ್ಟದ್ದು ಬಾ. ಅಣಕು ಪರೀಕ್ಷೆಯಲ್ಲಿ 'ಸ್ಟೇಷನ್ ತಲುಪಿದರೆ ಫೋನ್ ಮಾಡಿ' ಅನ್ನುವ ವಾಕ್ಯ ಬಂತು. ಎಕಿ ನಿ ಡ್ಯಾಶ್, ದೆನ್ವಾ ಶಿತೆ ಕುದಸಾಯ್. ನಾನು 'ತ್ಸುಕೆಬಾ' ಗುರುತು ಹಾಕಿದೆ. ಸರಿಯುತ್ತರ 'ತ್ಸುಯ್‌ತರಾ'. ತಲುಪುವುದು ಒಂದು ಕೆಲಸ. ತಲುಪುವವರೂ ಫೋನ್ ಮಾಡುವವರೂ ಒಬ್ಬರೇ. ಕೊನೆಯಲ್ಲಿ ಕೋರಿಕೆ ಇದೆ. ಈ ಮೂರೂ ಸೇರಿದರೆ ಬಾ ನಿಲ್ಲುವುದಿಲ್ಲ.

ಹಾಗಂತ ಕೋರಿಕೆ ಕಂಡ ಕೂಡಲೇ ಬಾ ಹೊಡೆದುಹಾಕಿದೆ. ಮುಂದಿನ ಪರೀಕ್ಷೆಯಲ್ಲಿ ಅದೂ ತಪ್ಪಾಯಿತು! 'ಜಿಕಾನ್ ಗಾ ಅರೆಬಾ, ಕಿತೆ ಕುದಸಾಯ್', ಅಂದರೆ ಸಮಯ ಇದ್ದರೆ ಬನ್ನಿ, ಪೂರ್ತಿ ಸರಿ. 'ಇರುವುದು' ಕೆಲಸವಲ್ಲ, ಸ್ಥಿತಿ. 'ಯಾಸುಕೆರೆಬಾ ಕಾಯ್ತಾಯ್', ಅಗ್ಗವಾಗಿದ್ದರೆ ಕೊಳ್ಳಬೇಕು ಅಂತಿದೆ, ಅದೂ ಸರಿ. 'ಮಳೆ ಬಂದರೆ ನಿಲ್ಲಿಸೋಣ' ಅನ್ನುವಲ್ಲಿ ಬರುವುದು ಮಳೆ, ನಿಲ್ಲಿಸುವವರು ನಾವು. ಅಲ್ಲೂ ಬಾ ಬರಬಹುದು. ಹಾಗಾಗಿ ಕೊನೆ ನೋಡಿದರೆ ಸಾಲದು, ಮೊದಲರ್ಧದ ಕ್ರಿಯಾಪದವನ್ನೂ ನೋಡಬೇಕು.

ನರಾ ಬೇರೆಯೇ ಜಾತಿ. ಜಪಾನಿನಲ್ಲಿ ಕುಡಿದು ವಾಹನ ಓಡಿಸುವುದರ ವಿರುದ್ಧ ಒಂದು ಘೋಷಣೆ ಇದೆ: 'ನೊಂದರಾ ನೊರುನಾ, ನೊರುನರಾ ನೊಮುನಾ'. ಕುಡಿದರೆ ಓಡಿಸಬೇಡ, ಓಡಿಸೋದಾದರೆ ಕುಡಿಯಬೇಡ. ತರಾದಲ್ಲಿ ಮೊದಲ ಕೆಲಸ ಮುಗಿದ ಮೇಲೆ ಎರಡನೆಯದು. ನರಾದಲ್ಲಿ ಓಡಿಸುವುದು ಇನ್ನೂ ಮುಂದಿದೆ, ಕುಡಿಯದೆ ಇರಬೇಕಾದದ್ದು ಅದಕ್ಕೂ ಮೊದಲು. ನಮ್ಮ 'ಓಡಿಸಿದರೆ', 'ಓಡಿಸೋದಾದರೆ' ಇವುಗಳ ನಡುವಿನ ವ್ಯತ್ಯಾಸವೇ ಅಲ್ವಾ?

ನಾನು ನಿಧಾನವಾಗಿ ಓದುವವಳು, ಒಂದು ಪ್ರಶ್ನೆಗೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಕೊಡಲು ಆಗುವುದಿಲ್ಲ. ಹಾಗಾಗಿ ವಾಕ್ಯದ ಕೊನೆಯನ್ನೇ ಮೊದಲು ಓದುತ್ತೇನೆ. ಕೋರಿಕೆ ಇದ್ದರೆ ತೊ ಹೋಯಿತು. ಕೋರಿಕೆಯ ಜೊತೆಗೆ ಮೊದಲರ್ಧ ಕೆಲಸವಾಗಿದ್ದು, ಮಾಡುವವರು ಒಬ್ಬರೇ ಆಗಿದ್ದರೆ ಬಾ ಹೋಯಿತು. ಎರಡನೆಯ ಕೆಲಸ ಮೊದಲು ಆಗಬೇಕಿದ್ದರೆ ನರಾ. ಉಳಿದಲ್ಲೆಲ್ಲ ಕಣ್ಣುಮುಚ್ಚಿ ತರಾ ಹಾಕುತ್ತೇನೆ, ಮಾತಿನಲ್ಲೂ ಅದೇ. ಒಂದು ಕಡೆ ಮಾತ್ರ ಹಾಗೆ ಮಾಡುವುದಿಲ್ಲ. ಅದೇ ಕ್ರಿಯಾಪದ ಮತ್ತೆ ಬಂದು ಜೊತೆಗೆ 'ಹೊದೊ' ಕಂಡರೆ, ಅಂದರೆ 'ಯೊಮೆಬಾ ಯೊಮು ಹೊದೊ', ಓದಿದಷ್ಟೂ, ಅಲ್ಲಿ ಉತ್ತರ ಬಾ.